ಮೂರೂವರೆ ಗ್ರಾಂ ಕೋಳಿ

2024ರ ಮೇ ತಿಂಗಳಲ್ಲಿ ಸಿಂಗಪುರದ ಹ್ಯೂಬರ್ಸ್ ಎಂಬ ಮಾಂಸದಂಗಡಿಯ ಫ್ರೀಜರಿಗೆ ಹೊಸ ಪೊಟ್ಟಣವೊಂದು ಬಂತು. ಹೆಸರು 'ಗುಡ್ ಮೀಟ್ 3'. ತೂಕ 120 ಗ್ರಾಂ, ಬೆಲೆ 7.20 ಸಿಂಗಪುರ ಡಾಲರ್. ಕೋಳಿಯನ್ನು ಕೊಯ್ಯದೆ, ಅದರ ಜೀವಕೋಶಗಳನ್ನು ಉಕ್ಕಿನ ತೊಟ್ಟಿಯಲ್ಲಿ ಬೆಳೆಸಿ ತೆಗೆದ ಮಾಂಸವನ್ನು ಜನಸಾಮಾನ್ಯರು ಅಂಗಡಿಯಿಂದ ಮನೆಗೆ ಕೊಂಡೊಯ್ಯಲು ಸಾಧ್ಯವಾದದ್ದು ಜಗತ್ತಿನಲ್ಲಿ ಅದೇ ಮೊದಲು.

ಆ ಪೊಟ್ಟಣದಲ್ಲಿ ಕೋಳಿಯ ಕೋಶ ಇದ್ದದ್ದು ನೂರಕ್ಕೆ ಮೂರು ಪಾಲು. ಕಂಪನಿಯೇ ಅದನ್ನು ಮುಚ್ಚಿಡದೆ ಹೇಳಿತ್ತು. ಲೆಕ್ಕ ಹಾಕಿದರೆ 120 ಗ್ರಾಂನಲ್ಲಿ 3.6 ಗ್ರಾಂ, ಒಂದು ಚಹಾ ಚಮಚೆಯೂ ತುಂಬದಷ್ಟು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಸ್ಯದ ಪ್ರೋಟೀನು. ಇದೇ ಕಂಪನಿ 2020ರ ಡಿಸೆಂಬರಿನಲ್ಲಿ ಸಿಂಗಪುರದ ಅನುಮತಿ ಪಡೆದು ರೆಸ್ಟೋರೆಂಟಿನಲ್ಲಿ ಬಡಿಸಿದ ಮೊದಲ ತುಣುಕುಗಳಲ್ಲಿ ಕೋಶದ ಪಾಲು ಸುಮಾರು ಶೇಕಡಾ 70ರಷ್ಟಿತ್ತು, ಮಿಕ್ಕದ್ದು ಹೆಸರುಕಾಳಿನ ಪ್ರೋಟೀನು. ಆಗಲೂ ಅದು 'ಕೋಶದಿಂದ ಬೆಳೆಸಿದ ಕೋಳಿ', ಈಗಲೂ ಅದೇ ಹೆಸರು. ಶೇಕಡಾ 70 ಇದ್ದದ್ದು 3ಕ್ಕೆ ಇಳಿದರೂ ಹೆಸರು ಬದಲಾಗಲಿಲ್ಲ.

ಹೊಸ ಬಗೆಯ ಮಾಂಸಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಸಾಮಾನ್ಯವಾಗಿ ಎರಡು ತುದಿಗೆ ಹೋಗಿ ನಿಲ್ಲುತ್ತದೆ. ಸಸ್ಯದಿಂದ ಮಾಡಿದ್ದು ಎಂದರೆ ಆರೋಗ್ಯ, ಲ್ಯಾಬಿನಲ್ಲಿ ಬೆಳೆಸಿದ್ದು ಎಂದರೆ ವಿಷ. ಇಲ್ಲವೇ ಎರಡೂ ಮೋಸ, ನಾಟಿ ಕೋಳಿಯೊಂದೇ ಸತ್ಯ. ಆದರೆ ಪೊಟ್ಟಣವನ್ನು ಮಗುಚಿ ಹಿಂದಿನ ಸಣ್ಣಕ್ಷರ ಓದಿದರೆ ಈ ಮೂರು ಮಾತೂ ನಿಲ್ಲುವುದಿಲ್ಲ.

ಸಸ್ಯಮಾಂಸ ಎಂಬುದು ಕನ್ನಡಿಗರಿಗೆ ಹೊಸದೇನಲ್ಲ. ಮದುವೆಮನೆಯ ವೆಜ್ ಬಿರಿಯಾನಿಯಲ್ಲಿ, ಹಾಸ್ಟೆಲಿನ ಕುರ್ಮಾದಲ್ಲಿ ಸಿಗುವ ಮೀಲ್ ಮೇಕರ್ ಅದರ ಹಿರಿಯ ತಲೆಮಾರು. ಸೋಯಾ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟಿನಲ್ಲಿ ಸುಮಾರು ಅರ್ಧಪಾಲು ಪ್ರೋಟೀನೇ ಇರುತ್ತದೆ. ಆ ಹಿಟ್ಟಿಗೆ ನೀರು ಬೆರೆಸಿ, ಎಕ್ಸ್‌ಟ್ರೂಡರ್ ಎಂಬ ಯಂತ್ರಕ್ಕೆ ಹಾಕುತ್ತಾರೆ. ಚಕ್ಕುಲಿ ಒರಳನ್ನು ಅಡ್ಡ ಮಲಗಿಸಿ, ಒಳಗೊಂದು ತಿರುಗುವ ತಿರುಪು ಇಟ್ಟು, ಸುತ್ತ ಕಾಯಿಸಿದರೆ ಹೇಗೋ ಹಾಗೆ. ಒಳಗೆ ಬಿಸಿ ನೂರು ಡಿಗ್ರಿ ಮೀರಿದರೂ ಒತ್ತಡದಿಂದಾಗಿ ನೀರು ಕುದಿಯಲಾರದು. ಹಿಟ್ಟು ಕರಗಿದ ಮೇಣದಂತಾಗುತ್ತದೆ, ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನು ಬಿಚ್ಚಿಕೊಂಡು ಎಳೆ ಎಳೆಯಾಗುತ್ತದೆ. ತುದಿಯ ತೂತಿನಿಂದ ಹೊರಬಿದ್ದ ಕ್ಷಣ ಒತ್ತಡ ಇಳಿದು ನೀರೆಲ್ಲ ಹಬೆಯಾಗಿ ಸಿಡಿಯುತ್ತದೆ. ಮೀಲ್ ಮೇಕರ್‌ನಲ್ಲಿ ಕಾಣುವ ತೂತುಗಳು ಆ ಹಬೆ ಬಿಟ್ಟುಹೋದ ಜಾಗಗಳು. ಬಿಸಿನೀರಿಗೆ ಹಾಕಿದಾಗ ಅದು ಸ್ಪಂಜಿನಂತೆ ನೀರು ಹೀರಿ ಎರಡು-ಮೂರು ಪಟ್ಟು ತೂಗುವುದೂ ಇದರಿಂದಲೇ.

ಈಗಿನ ಸಸ್ಯಮಾಂಸಕ್ಕೂ ಅದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಈ ಕೊನೆಯ ಹಂತದಲ್ಲಿದೆ. ಹೊಸ ವಿಧಾನದಲ್ಲಿ ನೀರು ಅರ್ಧಕ್ಕಿಂತ ಹೆಚ್ಚು. ಹೊರಬೀಳುವ ಬಾಯಿಗೆ ಉದ್ದನೆಯ ತಣ್ಣನೆಯ ಕೊಳವೆ ಜೋಡಿಸಿರುತ್ತಾರೆ. ಹಿಟ್ಟು ಆ ಕೊಳವೆಯಲ್ಲಿ ಸಾಗುತ್ತಾ ನಿಧಾನವಾಗಿ ತಣಿಯುವುದರಿಂದ ಹಬೆ ಸಿಡಿಯುವುದಿಲ್ಲ, ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಮಲಗಿ ಗಟ್ಟಿಯಾಗುತ್ತವೆ. ಬೇಯಿಸಿದ ಕೋಳಿಯ ಎದೆಯ ತುಂಡನ್ನು ಬೆರಳಲ್ಲಿ ಬಿಡಿಸಿದರೆ ಹೇಗೆ ನಾರು ನಾರಾಗಿ ಬಿಡುತ್ತದೋ, ಇದೂ ಹಾಗೆಯೇ ಬಿಡುತ್ತದೆ.

ನಾರು ಸಿಕ್ಕರೆ ಸಾಲದು, ರಸ ಬೇಕು, ಬಣ್ಣ ಬೇಕು, ಬಾಣಲೆಯಲ್ಲಿ ಬೇಯುವಾಗ ಮಾಂಸದ ವಾಸನೆ ಏಳಬೇಕು. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪನಿ ಇದಕ್ಕೆ ಹಿಡಿದ ದಾರಿ ಹೇಳುವಂಥದ್ದು. ಬೀದರ್, ಬೆಳಗಾವಿ ಕಡೆ ಸೋಯಾ ಬೆಳೆಯುವವರು ಗಿಡ ಕಿತ್ತು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು ಕಾಣುತ್ತದೆ. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದೂರದ ನೆಂಟ. ಮಾಂಸಕ್ಕೆ ಕೆಂಪು ಬಣ್ಣವನ್ನೂ ಬೆಂದಾಗಿನ ಪರಿಮಳವನ್ನೂ ಕೊಡುವ 'ಹೀಮ್' ಎಂಬ ಕಬ್ಬಿಣದ ಅಣು ಇದರಲ್ಲೂ ಇದೆ. ಬೇರಿನ ಗಂಟುಗಳನ್ನು ಟನ್ನುಗಟ್ಟಲೆ ಅಗೆಯಲು ಆಗುವುದಿಲ್ಲವಾದ್ದರಿಂದ, ಆ ಪ್ರೋಟೀನಿನ ವಂಶವಾಹಿಯನ್ನು ಯೀಸ್ಟ್‌ಗೆ ಸೇರಿಸಿ, ಬಿಯರ್ ಹುಳಿ ಬರಿಸುವಂತೆ ತೊಟ್ಟಿಯಲ್ಲಿ ಬೆಳೆಸುತ್ತಾರೆ. ಇದು ಸುರಕ್ಷಿತವೆಂಬ ಕಂಪನಿಯ ವಾದಕ್ಕೆ ತನ್ನ ಪ್ರಶ್ನೆಯಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಪತ್ರ ಕೊಟ್ಟಿತು. ಬಣ್ಣವಾಗಿ ಬಳಸಲು ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ.

ಕೊಬ್ಬಿಗೆ ತೆಂಗಿನೆಣ್ಣೆ. ತಣ್ಣಗಿದ್ದಾಗ ಗಟ್ಟಿಯಾಗಿ, ಬಾಣಲೆಯಲ್ಲಿ ಕರಗಿ ಸೊರಗುಟ್ಟುವ ಗುಣ ಅದಕ್ಕಿದೆ. ಎಲ್ಲವನ್ನೂ ಹಿಡಿದಿಡಲು ಮಿಥೈಲ್ ಸೆಲ್ಯುಲೋಸ್, ಪೊಟ್ಟಣದ ಮೇಲೆ ಐಎನ್‌ಎಸ್ 461 ಎಂಬ ಸಂಖ್ಯೆಯಲ್ಲಿ ಕಾಣಸಿಗುವುದು ಇದೇ. ಇದರ ಸ್ವಭಾವ ತಲೆಕೆಳಗು: ಬೇರೆ ಅಂಟುಗಳು ಬಿಸಿಗೆ ಸಡಿಲಾದರೆ ಇದು ಬಿಸಿಗೆ ಗಟ್ಟಿಯಾಗಿ, ತಣಿದಾಗ ಸಡಿಲಾಗುತ್ತದೆ. ಸಸ್ಯಮಾಂಸದ ಕಬಾಬ್ ಬಿಸಿಯಿದ್ದಾಗ ಚೆನ್ನಾಗಿದ್ದು, ಆರಿದ ಮೇಲೆ ಮೆತ್ತಗೆ ಹಿಟ್ಟುಹಿಟ್ಟಾದರೆ ಕಾರಣ ಬಹುಮಟ್ಟಿಗೆ ಇದೇ. ಅಡುಗೆಯವರ ಕೈತಪ್ಪು ಎಂದು ಬೈಯಬೇಕಾಗಿಲ್ಲ.

ಇನ್ನು ಪೋಷಕಾಂಶಕ್ಕೆ ಬರೋಣ. ಒಂದು ನಿಜವಾದ ಜೋಡಿಯನ್ನು ಪಕ್ಕಪಕ್ಕ ಇಡಬಹುದು. ಇಂಪಾಸಿಬಲ್ ಬರ್ಗರ್‌ನ 2019ರ ಸೂತ್ರ ಒಂದು ಕಡೆ, ಅದು ಯಾವುದರ ಬದಲಿಗೆ ಬಂದಿತೋ ಆ ಅಮೆರಿಕದ ದನದ ಮಾಂಸದ ಕೈಮಾ, ಅಂದರೆ ಶೇಕಡಾ 20 ಕೊಬ್ಬಿರುವುದು, ಇನ್ನೊಂದು ಕಡೆ. ಎರಡೂ ಹಸಿ, ಎರಡೂ 113 ಗ್ರಾಂ. ಪ್ರೋಟೀನು ಎರಡರಲ್ಲೂ ಸುಮಾರು 19 ಗ್ರಾಂ. ಒಟ್ಟು ಕೊಬ್ಬು ಸಸ್ಯದ್ದರಲ್ಲಿ 14 ಗ್ರಾಂ, ದನದ್ದರಲ್ಲಿ ಸುಮಾರು 23. ಇಲ್ಲಿಯವರೆಗೆ ಸಸ್ಯಮಾಂಸವೇ ಮೇಲು. ಆದರೆ ಹೃದಯ ತಜ್ಞರು ಕಣ್ಣಿಡುವ ಸ್ಯಾಚುರೇಟೆಡ್ ಕೊಬ್ಬು ಸಸ್ಯದ್ದರಲ್ಲಿ 8 ಗ್ರಾಂ, ದನದ್ದರಲ್ಲಿ ಸುಮಾರು ಎಂಟೂವರೆ. ಹೆಚ್ಚುಕಡಿಮೆ ಸಮ, ಕಾರಣ ಆ ತೆಂಗಿನೆಣ್ಣೆ. ಸೋಡಿಯಂ ಸಸ್ಯದ್ದರಲ್ಲಿ 370 ಮಿಲಿಗ್ರಾಂ, ದನದ್ದರಲ್ಲಿ ಸುಮಾರು 75.

ಉಪ್ಪಿನ ಈ ಲೆಕ್ಕದಲ್ಲಿ ಸ್ವಲ್ಪ ನ್ಯಾಯ ಬೇಕು. ಹಸಿ ಮಾಂಸವನ್ನು ಯಾರೂ ಹಾಗೆಯೇ ತಿನ್ನುವುದಿಲ್ಲ. ಸಾರಿಗೆ, ಚಾಪ್ಸ್‌ಗೆ ಉಪ್ಪು ಹಾಕಿಯೇ ಹಾಕುತ್ತೇವೆ. ಆದ್ದರಿಂದ 370ನ್ನು 75ರ ಜೊತೆ ಹೋಲಿಸಿ ಹೆದರಿಸುವುದು ಸರಿಯಲ್ಲ. ತೊಂದರೆ ಬರುವುದು ಬೇರೆ ಕಡೆ. ಕೋಳಿಗೆ ಹಾಕುವಷ್ಟೇ ಉಪ್ಪನ್ನು ಕೈ ಅಭ್ಯಾಸದಿಂದ ಸಸ್ಯಮಾಂಸಕ್ಕೂ ಹಾಕಿದರೆ ಉಪ್ಪು ಎರಡು ಸಲ ಬಿದ್ದಂತೆ. ಪೊಟ್ಟಣದ ಸಸ್ಯಮಾಂಸ ತಂದವರು ಮಸಾಲೆಗೆ ಮಾತ್ರ ಉಪ್ಪು ಹಾಕಿ, ರುಚಿ ನೋಡಿ ಮುಂದುವರಿದರೆ ಸಾಕು.

ಹೋಲಿಕೆ ಯಾವುದರ ಜೊತೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೊಬ್ಬಿನ ಕೈಮಾದ ಜೊತೆ ನಿಲ್ಲಿಸಿದರೆ ಚೆನ್ನಾಗಿ ಕಾಣುವ ಬರ್ಗರ್, ಚರ್ಮ ತೆಗೆದ ಕೋಳಿಯ ಎದೆಮಾಂಸದ ಜೊತೆ ನಿಲ್ಲಿಸಿದರೆ ಸೋಲುತ್ತದೆ. ಆ ಕೋಳಿಮಾಂಸದಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನು, ಕೊಬ್ಬು ಎರಡು-ಮೂರು ಗ್ರಾಂ ಮಾತ್ರ. ಜಾಹೀರಾತು ತನಗೆ ಬೇಕಾದ ಎದುರಾಳಿಯನ್ನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ತನ್ನ ಮನೆಯಲ್ಲಿ ಯಾವುದನ್ನು ಬಿಟ್ಟು ಇದನ್ನು ತಿನ್ನುತ್ತಿದ್ದೇನೆ ಎಂದು ಓದುಗ ಕೇಳಿಕೊಳ್ಳಬೇಕು. ಮಟನ್ ಬಿಟ್ಟೋ, ಕೋಳಿ ಬಿಟ್ಟೋ, ಅಥವಾ ಬೇಳೆ-ಕಾಳು ಬಿಟ್ಟೋ? ತೊಗರಿ, ಹುರುಳಿ ತಿನ್ನುತ್ತಿದ್ದವರು ಅದನ್ನು ಬಿಟ್ಟು ದುಬಾರಿ ಸಸ್ಯಮಾಂಸಕ್ಕೆ ಹೋದರೆ ಲಾಭ ಆಗುವುದು ಅಂಗಡಿಗೆ.

ನಮ್ಮಲ್ಲಿ ಹೆಚ್ಚು ಜನ ಎಡವುವ ಹೋಲಿಕೆ ಮೀಲ್ ಮೇಕರ್‌ನದ್ದೇ. ಪೊಟ್ಟಣದ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನು ಎಂದಿರುತ್ತದೆ. ಕೋಳಿಯಲ್ಲಿ 22 ತಾನೆ, ಹಾಗಾದರೆ ಇದು ಎರಡು ಪಟ್ಟಿಗಿಂತ ಹೆಚ್ಚು ಎಂಬ ಮಾತು ಜಿಮ್‌ಗಳಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಆದರೆ 52 ಗ್ರಾಂ ಎಂಬುದು ಒಣ ಮೀಲ್ ಮೇಕರ್‌ನ ಲೆಕ್ಕ, 22 ಎಂಬುದು ನೀರು ತುಂಬಿದ ಹಸಿ ಕೋಳಿಯ ಲೆಕ್ಕ. ನೂರು ಗ್ರಾಂ ಒಣ ಮೀಲ್ ಮೇಕರ್ ನೆನೆದು ಹಿಂಡಿದ ಮೇಲೆ ಮುನ್ನೂರು ಗ್ರಾಂ ಆಯಿತೆಂದುಕೊಂಡರೆ, ತಟ್ಟೆಗೆ ಬರುವ ನೂರು ಗ್ರಾಂನಲ್ಲಿ ಪ್ರೋಟೀನು 17 ಗ್ರಾಂ. ಕೋಳಿ ಬೆಂದಾಗ ಅದರ ನೀರು ಬಿಟ್ಟುಹೋಗಿ ನೂರು ಗ್ರಾಂನಲ್ಲಿ ಸುಮಾರು 30 ಗ್ರಾಂ ಆಗುತ್ತದೆ. ಲೆಕ್ಕ ತಿರುಗಿಬಿತ್ತು. ಹಾಗೆಂದು ಮೀಲ್ ಮೇಕರ್ ಕೆಳದರ್ಜೆಯದಲ್ಲ. ಮೂವತ್ತು ಗ್ರಾಂ ಒಣಗಿದ್ದು, ಅಂದರೆ ಒಂದು ಹಿಡಿಯಷ್ಟು, ಹದಿನೈದು ಗ್ರಾಂ ಪ್ರೋಟೀನು ಕೊಡುತ್ತದೆ. ಅಷ್ಟು ಅಗ್ಗವಾಗಿ ಅಷ್ಟು ಪ್ರೋಟೀನು ಕೊಡುವ ಪದಾರ್ಥ ದಿನಸಿ ಅಂಗಡಿಯಲ್ಲಿ ಹೆಚ್ಚಿಲ್ಲ. ಆದರೆ ಅಳೆಯುವುದಾದರೆ ಒಣಗಿದ್ದನ್ನು ಒಣಗಿದ್ದರ ಜೊತೆ, ಬೆಂದದ್ದನ್ನು ಬೆಂದದ್ದರ ಜೊತೆ ಅಳೆಯಬೇಕು.

ಇದರ ಇನ್ನೊಂದು ತುದಿಯಲ್ಲಿದೆ ಕರಾವಳಿಯ ಗುಜ್ಜೆ. ಎಳೆಹಲಸನ್ನು ಮಸಾಲೆ ಅರೆದು ಸುಕ್ಕ ಮಾಡಿದರೆ ನಾರು, ಅಗಿತ ಎಲ್ಲ ಮಾಂಸದಂತೆಯೇ. ಈಚೆಗೆ ಪೊಟ್ಟಣದಲ್ಲಿ 'ಹಲಸಿನ ಮಾಂಸ' ಎಂದು ಮಾರುವುದೂ ಇದೆ. ಆದರೆ ಪ್ರೋಟೀನು 100 ಗ್ರಾಂಗೆ ಎರಡು-ಮೂರು ಗ್ರಾಂ ಅಷ್ಟೇ. ತರಕಾರಿಯಾಗಿ ಅದು ಬಹಳ ಒಳ್ಳೆಯದು. ಮಾಂಸಕ್ಕೆ ಬದಲಿ ಎಂದು ಮಗುವಿಗೆ ಬಡಿಸಿದರೆ ಪ್ರೋಟೀನು ಸಿಗಲಿಲ್ಲ ಎಂದೇ ಲೆಕ್ಕ.

ಗ್ರಾಂ ಲೆಕ್ಕ ಒಂದೇ ಆದರೂ ಪ್ರೋಟೀನುಗಳೆಲ್ಲ ಒಂದೇ ಅಲ್ಲ. ಸೋಯಾದ ಪ್ರೋಟೀನು ಗುಣದಲ್ಲಿ ಮಾಂಸದ ಹತ್ತಿರಕ್ಕೆ ಬರುತ್ತದೆ, ಬಟಾಣಿಯದು ಸ್ವಲ್ಪ ಕೆಳಗೆ. ಗೋಧಿಯ ಗ್ಲುಟೆನ್ ಬಹಳ ಕೆಳಗೆ, ಏಕೆಂದರೆ ದೇಹಕ್ಕೆ ಬೇಕೇಬೇಕಾದ ಲೈಸೀನ್ ಎಂಬ ಅಮೈನೊ ಆಮ್ಲ ಅದರಲ್ಲಿ ತೀರ ಕಡಿಮೆ. ಭಾರತದ ಸಸ್ಯಮಾಂಸದ ಪೊಟ್ಟಣಗಳಲ್ಲಿ ಸೋಯಾ, ಬಟಾಣಿ, ಗೋಧಿ ಗ್ಲುಟೆನ್ ಹಲವು ಬಾರಿ ಜೊತೆಯಾಗಿಯೇ ಇರುತ್ತವೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಆದ್ದರಿಂದ ಯಾವುದು ಮೊದಲು ಬಂದಿದೆ ಎಂದು ನೋಡಿದರೆ ಸಾಕು, ಪ್ರೋಟೀನಿನ ಗುಣ ತಕ್ಕಮಟ್ಟಿಗೆ ತಿಳಿಯುತ್ತದೆ. ಗೋಧಿ ಒಗ್ಗದವರಿಗೆ, ಸೋಯಾ ಅಲರ್ಜಿ ಇರುವವರಿಗೆ ಇದು ಆರೋಗ್ಯದ ಪ್ರಶ್ನೆಯೂ ಹೌದು. ಕೋಳಿ ತಿಂದು ಏನೂ ಆಗದವರಿಗೆ ಅದರ ನಕಲು ಅಲರ್ಜಿ ತರಬಹುದು.

ಕಬ್ಬಿಣ ಮತ್ತು ಬಿ12ರ ವಿಷಯವೂ ಸಂಖ್ಯೆಯಲ್ಲಿ ಪೂರ್ತಿ ಕಾಣುವುದಿಲ್ಲ. ಮಾಂಸದ ಹೀಮ್ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ, ಸಸ್ಯದ ಕಬ್ಬಿಣವನ್ನು ಅಷ್ಟು ಸುಲಭವಾಗಿ ಹೀರಲಾರದು. ಬಿ12 ಅಂತೂ ಸಸ್ಯದಲ್ಲಿ ಇಲ್ಲವೇ ಇಲ್ಲ, ಕಂಪನಿ ಬೆರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಮೆರಿಕದ ದೊಡ್ಡ ಬ್ರ್ಯಾಂಡುಗಳು ಬೆರೆಸುತ್ತವೆಂದು ನಮ್ಮ ಅಂಗಡಿಯ ಪೊಟ್ಟಣದಲ್ಲೂ ಇರುತ್ತದೆಂದು ನಂಬುವಂತಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಮಾತನ್ನು ಇನ್ನೂ ಆಳಕ್ಕೆ ಕೊಂಡೊಯ್ಯಿತು. ಲೇಬಲ್ಲಿನಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿಗಳಿದ್ದ ದನದ ಕೈಮಾ ಮತ್ತು ಸಸ್ಯದ ಕೈಮಾಗಳಲ್ಲಿ 190 ಬಗೆಯ ಸಣ್ಣ ಅಣುಗಳನ್ನು ಅವರು ಅಳೆದರು. 171ರಲ್ಲಿ ವ್ಯತ್ಯಾಸ ಕಂಡಿತು. ಕ್ರಿಯಾಟಿನ್‌ನಂಥವು ಮಾಂಸದಲ್ಲಿ ಮಾತ್ರ, ಸಸ್ಯದ ಸ್ಟೆರಾಲ್‌ಗಳಂಥವು ಸಸ್ಯದ್ದರಲ್ಲಿ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಆ ಅಧ್ಯಯನ ತೀರ್ಪು ಕೊಡಲಿಲ್ಲ. ಇವೆರಡೂ ಒಂದರ ಜಾಗಕ್ಕೆ ಇನ್ನೊಂದು ಎಂಬಂಥವಲ್ಲ, ಬೇರೆ ಬೇರೆ ಆಹಾರಗಳು ಎಂದಷ್ಟೇ ಅದು ತೋರಿಸಿತು. ಇನ್ನೊಂದು ಪಕ್ಕದ ಪುರಾವೆಯನ್ನೂ ಹೇಳಬೇಕು. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 36 ಜನರಿಗೆ ಎಂಟು ವಾರ ಮಾಂಸ, ಎಂಟು ವಾರ ಬಿಯಾಂಡ್ ಮೀಟ್ ಕಂಪನಿಯ ಸಸ್ಯಮಾಂಸ ಕೊಟ್ಟು ನೋಡಿದರು. ಸಸ್ಯಮಾಂಸ ತಿಂದ ವಾರಗಳಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ತಗ್ಗಿತು, ತೂಕವೂ ತುಸು ಇಳಿಯಿತು. ಅಧ್ಯಯನಕ್ಕೆ ಹಣ ಕೊಟ್ಟದ್ದು ಅದೇ ಕಂಪನಿ ಎಂಬುದನ್ನು ಸಂಶೋಧಕರೇ ಹೇಳಿದ್ದಾರೆ, ಓದುವವರು ಅದನ್ನೂ ಸೇರಿಸಿ ತೂಗಬೇಕು.

ಲ್ಯಾಬಿನ ಮಾಂಸದ ಕಥೆ ಆರಂಭವಾಗುವುದು 2013ರ ಆಗಸ್ಟ್ 5ರಂದು, ಲಂಡನ್ನಿನ ಒಂದು ವೇದಿಕೆಯ ಮೇಲೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಅಂದು ಬಾಣಲೆಗೆ ಹಾಕಿಸಿದ ಒಂದೇ ಒಂದು ಬರ್ಗರ್‌ಗೆ ಎರಡೂವರೆ ಲಕ್ಷ ಯೂರೊ ಖರ್ಚಾಗಿತ್ತು. ಗೂಗಲ್‌ನ ಸೆರ್ಗೆ ಬ್ರಿನ್ ಹಣ ಕೊಟ್ಟಿದ್ದರು. ಹಸುವಿನ ಸ್ನಾಯುಕೋಶಗಳಿಂದ ಬೆಳೆಸಿದ ಸುಮಾರು 20,000 ಎಳೆಗಳನ್ನು ಒತ್ತಿ ಮಾಡಿದ ಆ ತುಂಡು ಬಿಳಿಚಿಕೊಂಡಿತ್ತು. ಬಣ್ಣ ಬರಲೆಂದು ಬೀಟ್‌ರೂಟ್ ರಸ ಮತ್ತು ಕೇಸರಿ ಬೆರೆಸಿದ್ದರು. ರುಚಿ ನೋಡಿದವರು ಮಾಂಸದ ಹತ್ತಿರವಿದೆ ಎಂದರು, ಆದರೆ ಕೊಬ್ಬಿಲ್ಲದ್ದರಿಂದ ರಸವಿಲ್ಲ ಎಂದೂ ಹೇಳಿದರು.

ಬಣ್ಣವೂ ಕೊಬ್ಬೂ ಇಲ್ಲದೆ ಹೋದದ್ದು ಆಕಸ್ಮಿಕವಲ್ಲ, ಬೆಳೆಸುವ ಕ್ರಮದಲ್ಲೇ ಅದರ ಕಾರಣವಿದೆ. ಪ್ರಾಣಿಯಿಂದ ಚಿಟಿಕೆಯಷ್ಟು ಅಂಗಾಂಶ ತೆಗೆದು, ಮತ್ತೆ ಮತ್ತೆ ವಿಭಜನೆ ಹೊಂದಬಲ್ಲ ಕೋಶಗಳನ್ನು ಆರಿಸಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇಕಾದಾಗ ಅದರಲ್ಲಿ ಸ್ವಲ್ಪ ತೆಗೆದು, ಪ್ರಾಣಿಯ ಮೈಬಿಸಿಯಲ್ಲಿಟ್ಟ ಉಕ್ಕಿನ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯಲ್ಲಿ ಗ್ಲೂಕೋಸ್, ಅಮೈನೊ ಆಮ್ಲ, ವಿಟಮಿನ್, ಲವಣ ಮತ್ತು 'ಬೆಳೆ' ಎಂದು ಕೋಶಕ್ಕೆ ಸೂಚನೆ ಕೊಡುವ ಪ್ರೋಟೀನುಗಳಿರುವ ದ್ರವ ಇರುತ್ತದೆ. ಮೊದಮೊದಲು ಈ ದ್ರವಕ್ಕೆ ಗಬ್ಬದ ಹಸುವನ್ನು ಕೊಯ್ದಾಗ ಸಿಗುವ ಭ್ರೂಣದ ರಕ್ತದ ಸೀರಮ್ ಬೇಕಾಗುತ್ತಿತ್ತು. ಪ್ರಾಣಿ ಕೊಲ್ಲದ ಮಾಂಸ ಎಂದು ಹೇಳಿಕೊಳ್ಳುವವರಿಗೆ ಅದು ನುಂಗಲಾರದ ತುತ್ತು. ಸೀರಮ್ ಇಲ್ಲದ ದ್ರವದಲ್ಲಿ ಬೆಳೆಸಲು ಗುಡ್ ಮೀಟ್‌ಗೆ ಸಿಂಗಪುರ ಅನುಮತಿ ಕೊಟ್ಟದ್ದು 2023ರ ಜನವರಿಯಲ್ಲಿ. ತೊಟ್ಟಿಯಲ್ಲಿ ರೋಗನಿರೋಧಕ ಶಕ್ತಿ ಎಂಬುದು ಇಲ್ಲ. ಒಂದು ಬ್ಯಾಕ್ಟೀರಿಯಾ ನುಸುಳಿದರೂ ಅದು ಕೋಶಕ್ಕಿಂತ ವೇಗವಾಗಿ ಬೆಳೆದು ಇಡೀ ತೊಟ್ಟಿಯನ್ನು ಹಾಳು ಮಾಡುತ್ತದೆ. ದ್ರವದ ಬೆಲೆ, ಈ ಶುಚಿತ್ವದ ಖರ್ಚು ಎರಡೂ ಸೇರಿ ಶೇಕಡಾ 70ರ ಕೋಳಿಯನ್ನು ಅಂಗಡಿಯ ಬೆಲೆಗೆ ಮಾರುವುದನ್ನು ಕಷ್ಟ ಮಾಡಿವೆ.

ಇಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ಸಂಗತಿ ಇದೆ. ಗುಡ್ ಮೀಟ್ ಬೆಳೆಸಿದ್ದು ಕೋಳಿಯ ಸ್ನಾಯುಕೋಶವನ್ನಲ್ಲ, ಫೈಬ್ರೊಬ್ಲಾಸ್ಟ್ ಎಂಬ ಕೋಶವನ್ನು. ದೇಹದ ಭಾಗಗಳನ್ನು ಹಿಡಿದು ಕಟ್ಟುವ ಅಂಗಾಂಶದಲ್ಲಿರುವ ಕೋಶ ಅದು. ಗಟ್ಟಿಮುಟ್ಟಾಗಿ, ಬೇಗ ಬೆಳೆಯುತ್ತದೆ. ಕೋಳಿಯ ಕೋಶವೇ ಹೌದು, ಆದರೆ ಸಾರಿನ ತುಂಡಿನಲ್ಲಿ ನಾವು ತಿನ್ನುವ ಸ್ನಾಯು ಅಲ್ಲ. ಕೋಳಿಮಾಂಸದ ಪೋಷಕಾಂಶವೆಲ್ಲ ಇದರಲ್ಲಿ ತಾನಾಗಿ ಇರುತ್ತದೆಂದು ಊಹಿಸಲು ಆಧಾರವಿಲ್ಲ. ಹಸುವಿನ ಮಾಂಸಕ್ಕೆ ಬಿ12 ಬರುವುದು ಹೊಟ್ಟೆಯ ಸೂಕ್ಷ್ಮಜೀವಿಗಳಿಂದ. ತೊಟ್ಟಿಗೆ ಹೊಟ್ಟೆಯಿಲ್ಲ, ದ್ರವಕ್ಕೆ ಹಾಕಿದಷ್ಟೇ ಕೋಶಕ್ಕೆ. ಮಾಂಸದ ಕೆಂಪು ಮತ್ತು ಕಬ್ಬಿಣ ಮಯೋಗ್ಲೋಬಿನ್‌ನಿಂದ ಬರುತ್ತವೆ, ಅದು ಹೆಚ್ಚುವುದು ದುಡಿಯುವ ಸ್ನಾಯುವಿನಲ್ಲಿ. ಲಂಡನ್ನಿನ ಬರ್ಗರ್ ಬಿಳಿಚಿಕೊಂಡಿದ್ದು ಅದಕ್ಕೇ. ಹಾಗೆಯೇ ಒಳ್ಳೆಯ ಕೊಬ್ಬನ್ನು ಹೆಚ್ಚಿಸಿ, ಕೆಟ್ಟದ್ದನ್ನು ಇಳಿಸಿ ಬೆಳೆಸಲೂ ಸಾಧ್ಯ. ಒಟ್ಟಿನಲ್ಲಿ ಇದರ ಪೋಷಣೆ ಕಂಪನಿಯ ಪಾಕಸೂತ್ರದ್ದು, ಪ್ರಾಣಿಯದ್ದಲ್ಲ. ಅಳೆದು ಬರೆಯದ ಹೊರತು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ.

ಹಾಗಾದರೆ ಪೊಟ್ಟಣದ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು? ಹೊರದೇಶಗಳ ಜಗಳವೆಲ್ಲ ಮುಂಭಾಗದ ಹೆಸರಿನದು. ಅಮೆರಿಕದ ಮಿಸೌರಿ ರಾಜ್ಯ 2018ರಲ್ಲಿ, ಕೊಯ್ದ ಪ್ರಾಣಿಯದಲ್ಲದ್ದನ್ನು ಮಾಂಸವೆಂದು ತೋರಿಸಿ ಮಾರುವುದನ್ನು ತಡೆಯಿತು. ಅರ್ಕಾನ್ಸಾ ರಾಜ್ಯ 'ವೆಜಿ ಬರ್ಗರ್' ಎಂಬ ಪದವನ್ನೂ ಬಿಡದೆ, ತಪ್ಪೊಂದಕ್ಕೆ ಸಾವಿರ ಡಾಲರ್ ದಂಡ ಹಾಕುವ ಕಾನೂನು ತಂದಿತ್ತು. 2022ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಸ್ಯದ್ದೆಂದು ಸ್ಪಷ್ಟವಾಗಿ ಬರೆದ ಪೊಟ್ಟಣ ಗ್ರಾಹಕರನ್ನು ದಾರಿ ತಪ್ಪಿಸುವುದಿಲ್ಲ ಎಂಬುದು ವಾದದ ತಿರುಳು. ಯುರೋಪಿನಲ್ಲಿ 'ಹಾಲು' ಎಂಬ ಪದ ಸೋಯಾಕ್ಕೆ ಸಲ್ಲದೆಂದು 2017ರಲ್ಲೇ ತೀರ್ಪಾಗಿದೆ. ಆದರೆ ಫ್ರಾನ್ಸ್ 'ಸ್ಟೇಕ್'ನಂಥ ಪದಗಳನ್ನು ಸಸ್ಯಮಾಂಸಕ್ಕೆ ನಿಷೇಧಿಸಲು ಹೊರಟಾಗ, 2024ರ ಅಕ್ಟೋಬರಿನಲ್ಲಿ ಅದೇ ಯುರೋಪಿನ ನ್ಯಾಯಾಲಯ ತಡೆಯಿತು. ಮರುವರ್ಷ ಅದೇ ತಿಂಗಳಲ್ಲಿ ಯುರೋಪಿನ ಸಂಸತ್ತು 'ಬರ್ಗರ್', 'ಸಾಸೇಜ್' ಪದಗಳನ್ನು ಮಾಂಸಕ್ಕೇ ಮೀಸಲಿಡಬೇಕೆಂದು ಮತ ಹಾಕಿತು. ಲ್ಯಾಬಿನ ಮಾಂಸದ ಮಾತು ಬೇರೆ. ಅಮೆರಿಕದ ಕೃಷಿ ಇಲಾಖೆ 2023ರ ಜೂನಿನಲ್ಲಿ ಎರಡು ಕಂಪನಿಗಳಿಗೆ ಒಪ್ಪಿಗೆ ಕೊಟ್ಟಾಗ 'ಕೋಶದಿಂದ ಬೆಳೆಸಿದ ಕೋಳಿ' ಎಂದೇ ಬರೆಯಿಸಿತು. ಇಟಲಿ ಮತ್ತು ಅಮೆರಿಕದ ಫ್ಲಾರಿಡಾ ಮಾರಾಟವನ್ನೇ ನಿಷೇಧಿಸಿವೆ.

ಭಾರತದಲ್ಲಿ ಜನ ಮೊದಲು ನೋಡುವುದು ಹೆಸರನ್ನಲ್ಲ, ಚುಕ್ಕೆಯನ್ನು. ಹಸಿರು ಚೌಕದೊಳಗೆ ಹಸಿರು ಚುಕ್ಕೆಯಿದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಮಾಂಸಾಹಾರ. ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಮೊಟ್ಟೆ ಇರುವಂತಿಲ್ಲ, ಹಾಲಿನ ಪದಾರ್ಥ ಮತ್ತು ಜೇನು ಇರಬಹುದು. ಅವೂ ಬೇಡ ಎನ್ನುವವರಿಗಾಗಿ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರದ ಪ್ರತ್ಯೇಕ ನಿಯಮ ತಂದು, ಎಲೆ ಮೂಡಿದ ಹಸಿರು 'ವಿ' ಅಕ್ಷರದ ಗುರುತು ಕೊಟ್ಟಿತು. ಹಸಿರು ಚುಕ್ಕೆ ಕಂಡ ಮಾತ್ರಕ್ಕೆ ಸಸ್ಯಮಾಂಸ ವೀಗನ್ ಎಂದು ತಿಳಿಯುವುದು ತಪ್ಪು.

ಹಾಗಾದರೆ ಲ್ಯಾಬಿನ ಕೋಳಿಗೆ ಯಾವ ಗುರುತು? ಅಂಥ ಮಾಂಸದ ಮಾರಾಟಕ್ಕೆ ನಮ್ಮಲ್ಲಿ ಇನ್ನೂ ಅನುಮತಿ ಕೊಟ್ಟಿಲ್ಲ, ಹೊಸ ಬಗೆಯ ಆಹಾರವಾದ್ದರಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಆದರೆ ಇರುವ ನಿಯಮದಲ್ಲಿ ಮಾಂಸಾಹಾರದ ವ್ಯಾಖ್ಯೆ ಅಗಲವಾಗಿದೆ: ಪ್ರಾಣಿಯ ಪೂರ್ಣ ಭಾಗವೋ ಅಂಶವೋ ಅಥವಾ ಪ್ರಾಣಿಮೂಲದ ಯಾವುದೇ ಪದಾರ್ಥವೋ ಇದ್ದರೆ ಅದು ಮಾಂಸಾಹಾರ. ಪ್ರಾಣಿ ಸತ್ತಿತೋ ಇಲ್ಲವೋ ಎಂದು ಅದು ಕೇಳುವುದೇ ಇಲ್ಲ. ಹಾಗಾಗಿ ಮೂರೂವರೆ ಗ್ರಾಂ ಕೋಶ ಇರುವ ಪೊಟ್ಟಣಕ್ಕೂ ಕಂದು ತ್ರಿಕೋನವೇ ಬೀಳಬೇಕು. ದೆಹಲಿ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಕೊಟ್ಟ ಆದೇಶ ಇದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಐಎನ್‌ಎಸ್ 631 ಎಂಬ ರುಚಿವರ್ಧಕ ಸಸ್ಯದಿಂದಲೂ ಬರಬಹುದು, ಮಾಂಸ-ಮೀನಿನಿಂದಲೂ ಬರಬಹುದು, ಸಂಖ್ಯೆ ನೋಡಿದರೆ ಗೊತ್ತಾಗುವುದಿಲ್ಲ ಎಂಬ ದೂರಿನ ಮೇಲೆ, ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಪ್ರಯೋಗಾಲಯವೋ ಎಂಬುದನ್ನು, ಪ್ರಮಾಣ ಎಷ್ಟೇ ಅಲ್ಪವಿರಲಿ, ತಿಳಿಸಬೇಕೆಂದು ನ್ಯಾಯಾಲಯ ಹೇಳಿತು. ಸಸ್ಯಮಾಂಸಕ್ಕೆ ಮಾಂಸದ ರುಚಿ ತರಲು ಬೆರೆಸುವ ಪದಾರ್ಥಗಳಲ್ಲಿ ಇಂಥವು ಇರಬಹುದಾದ್ದರಿಂದ ಈ ಆದೇಶ ನೇರವಾಗಿ ಅದಕ್ಕೆ ತಟ್ಟುತ್ತದೆ.

'ಕೊಲೆಸ್ಟ್ರಾಲ್ ಇಲ್ಲ' ಎಂಬ ದೊಡ್ಡಕ್ಷರದ ಬಗ್ಗೆ ಒಂದು ಮಾತು. ಸಸ್ಯದಲ್ಲಿ ಕೊಲೆಸ್ಟ್ರಾಲ್ ಇರುವುದಿಲ್ಲ ಎನ್ನಬಹುದು, ಆದ್ದರಿಂದ ಮಾತು ಸುಳ್ಳಲ್ಲ. ಆದರೆ ರಕ್ತದ ಕೊಲೆಸ್ಟ್ರಾಲ್ ಏರಿಸುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು. ಅದಕ್ಕೇ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್, 100 ಗ್ರಾಂನಲ್ಲಿ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಮೀರಿದ ಘನ ಆಹಾರಕ್ಕೆ ಈ ಹೇಳಿಕೆ ಸಲ್ಲದೆಂದು ಷರತ್ತು ಹಾಕಿದೆ. ಮೇಲೆ ಹೇಳಿದ ತೆಂಗಿನೆಣ್ಣೆಯ ಬರ್ಗರ್‌ನಲ್ಲಿ ಅದು ಸುಮಾರು ಏಳು ಗ್ರಾಂ. ಪೊಟ್ಟಣದ ಮುಂದೆ ಈ ಮಾತು ಕಂಡರೆ ಹಿಂದೆ ಆ ಒಂದು ಸಾಲನ್ನು ಹುಡುಕಬೇಕು.

ಈ ಮಾಂಸ ಇಲ್ಲಿಗೂ ಬರುವ ದಿನ ದೂರವಿರಲಾರದು. ಹೈದರಾಬಾದಿನ ಸಿಸಿಎಂಬಿಯಲ್ಲಿ 2019ರಿಂದಲೇ ಕೋಶಮಾಂಸದ ಸಂಶೋಧನೆಗೆ ಸರ್ಕಾರದ ಹಣ ಸಿಕ್ಕಿದೆ, ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಕೋಶದಿಂದ ಮೀನು ಬೆಳೆಸುವ ಕೆಲಸಕ್ಕೆ ಕೈಹಾಕಿದೆ. ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥದ ಶೇಕಡಾವಾರು ತೂಕವನ್ನು ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಈಗಾಗಲೇ ಇದೆ. ಆದರೆ ಲೇಬಲ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಕೋಶಮಾಂಸಕ್ಕೆ ಅನುಮತಿ ಕೊಡುವ ದಿನ ಪ್ರಾಧಿಕಾರ ಎರಡು ಸಾಲು ಸೇರಿಸಲಿ: ಕೋಶ ಯಾವ ಪ್ರಾಣಿಯದು, ನೂರಕ್ಕೆ ಎಷ್ಟು ಎಂಬುದು ಪೊಟ್ಟಣದ ಮುಂಭಾಗದಲ್ಲಿ, ಮಾರುವ ರಾಜ್ಯದ ಭಾಷೆಯಲ್ಲಿ ಇರಬೇಕು. ಹುಬ್ಬಳ್ಳಿಯಲ್ಲೋ ಮಂಡ್ಯದಲ್ಲೋ ಅದನ್ನು ಕೈಗೆತ್ತಿಕೊಳ್ಳುವವರಿಗೆ ಮೂರು ಗ್ರಾಂ ಎಂಬುದು ದುಡ್ಡು ಕೊಡುವ ಮೊದಲೇ ಕಾಣಲಿ.